ಕುಮಟಾದಲ್ಲಿ 19ಕ್ಕೆ ಚೌತಿ, ನ್ಯೂಜೆರ್ಸಿಯಲ್ಲಿ 18ಕ್ಕೆ: ಗಡಿಯಾರದಲ್ಲಿ ಹಿಂದಿರುವ ಅಮೆರಿಕಕ್ಕೆ ಹಬ್ಬ ಮೊದಲು ಬರುವುದು ಹೇಗೆ?

ಅಘನಾಶಿನಿ ತೀರ (ಕುಮಟಾ)

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತಲೆಯಲ್ಲಿ ಕೂತು ಬಹಳ ದಿನ ಆಯ್ತು, ಇಲ್ಲಿ ಬಲ್ಲವರು ಇದ್ದೀರಿ ಅಂತ ಕೇಳ್ತಾ ಇದ್ದೇನೆ.

2023ರ ಚೌತಿ ನಮ್ಮ ಮನೆಯಲ್ಲಿ ಸೆಪ್ಟೆಂಬರ್ 19, ಮಂಗಳವಾರ. ಸೋಮವಾರ ರಾತ್ರಿ ಫಲಾವಳಿ ಕಟ್ಟಿ ಮುಗಿಸಿ, ಚಕ್ಕುಲಿ ಡಬ್ಬಕ್ಕೆ ತುಂಬುತ್ತಾ ಇದ್ದೆ. ಅಷ್ಟರಲ್ಲಿ ನ್ಯೂಜೆರ್ಸಿಯಿಂದ ಮಗನ ಫೋಟೋ ಬಂತು. ಗಣಪತಿ ಕೂತಾಗಿದೆ, ಮಂಗಳಾರತಿಯೂ ಆಗಿದೆ! "ಆಯಿ, ನಮ್ಮದು ಮುಗೀತು" ಅಂತ ಬರೆದಿದ್ದ. ನಮ್ಮ ಗಣಪತಿ ಇನ್ನೂ ಮೂರ್ತಿ ಮಾಡುವವರ ಮನೆಯಲ್ಲೇ ಇದ್ದ.

ಆಗ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ ಅಂದುಕೊಂಡು ಸುಮ್ನಾದೆ. ಆದರೆ 2024ರಲ್ಲೂ ಹಾಗೇ ಆಯ್ತು. ನಮಗೆ 7, ಅವನಿಗೆ 6. 2025ರಲ್ಲಿ ನಮಗೆ ಆಗಸ್ಟ್ 27, ಅವನಿಗೆ 26. ಅವನು ಯಾವುದೋ ಆ್ಯಪ್‌ನಲ್ಲಿ ಅಲ್ಲಿನ ಊರು ಹಾಕಿ ನೋಡ್ತಾನಂತೆ.

ಅಮೆರಿಕ ನಮಗಿಂತ ಹಿಂದೆ ಅಲ್ವಾ? ನಮಗೆ ಬೆಳಗಾದಾಗ ಅವರಿಗೆ ಹಿಂದಿನ ದಿನದ ರಾತ್ರಿ. ಹಾಗಿದ್ದ ಮೇಲೆ ಹಬ್ಬ ತಡವಾಗಿ ಬರಬೇಕು, ಮೊದಲೇ ಬರುವುದು ಹೇಗೆ? ಚಂದ್ರ ಒಬ್ಬನೇ ತಾನೇ?

ಕಾಳಿ ದಂಡೆ (ಕಾರವಾರ)

ಇದರಲ್ಲಿ ಕೇಳುವುದೇನಿದೆ ಅಕ್ಕಾ, ನಿಮ್ಮ ಮಗನ ಆ್ಯಪ್ ತಪ್ಪು. ನಮ್ಮ ಚೌತಿ ಮುಗಿದ ಮೇಲೆ ಒಂಬತ್ತು ಹತ್ತು ಗಂಟೆ ಬಿಟ್ಟು ಅವರ ಚೌತಿ. ಒಂದೋ ಅದೇ ತಾರೀಖು, ಇಲ್ಲ ಅಂದರೆ ಮಾರನೇ ದಿನ. ಮೊದಲು ಬರಲು ಸಾಧ್ಯವೇ ಇಲ್ಲ.

ಯಲ್ಲಾಪುರ ಅಡಿಕೆ

ಚಕ್ಕುಲಿ ಇಲ್ಲಿಂದ ಹೋಗಿ ತಲುಪುವಷ್ಟರಲ್ಲಿ ಅವರ ಹಬ್ಬ ಮುಗಿದಿರುತ್ತದೆ ಅನ್ನುವುದೇ ದುಃಖದ ವಿಷಯ 😀

ಎಡಿಸನ್ ಕನ್ನಡಿಗ

ನಾನೂ ನ್ಯೂಜೆರ್ಸಿಯಲ್ಲೇ ಇರೋದು, ಊರು ಹೊನ್ನಾವರ ಹತ್ತಿರ. ನಿಮ್ಮ ಮಗ ಮಾಡಿದ್ದು ಸರಿ. ಇಲ್ಲಿನ ಸಮಯಕ್ಕೆ ಲೆಕ್ಕ ಹಾಕಿದ ಪಂಚಾಂಗದಲ್ಲಿ 18 ಅಂತಲೇ ಇತ್ತು. ಸುಲಭ ಲೆಕ್ಕ ಇದು. ಭಾರತದಲ್ಲಿ ಚತುರ್ಥಿ ಶುರುವಾಗುವ ಟೈಂ ತಗೊಳ್ಳಿ, ಒಂಬತ್ತೂವರೆ ಗಂಟೆ ಕಳೆಯಿರಿ. ಬರುವ ತಾರೀಖೇ ಹಬ್ಬ. ಮುಗೀತು.

ಕಾಳಿ ದಂಡೆ (ಕಾರವಾರ)

ಹತ್ತೂವರೆ ಗಂಟೆ ಮಾರಾಯ್ರೆ, ಒಂಬತ್ತೂವರೆ ಅಲ್ಲ. ನನ್ನ ಭಾವ ಅಲ್ಲೇ ಇದ್ದಾನೆ.

ಎಡಿಸನ್ ಕನ್ನಡಿಗ

ಚಳಿಗಾಲಕ್ಕೆ ಹತ್ತೂವರೆ. ಮಾರ್ಚ್‌ನಿಂದ ನವೆಂಬರ್ ತನಕ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡ್ತೇವೆ. ಚೌತಿಗೆ ಯಾವಾಗಲೂ ಒಂಬತ್ತೂವರೆಯೇ. ಎಷ್ಟೋ ಜನ ಇಲ್ಲೇ ಎಡವುವುದು. ಊರಿನಿಂದ ತಂದ ಕ್ಯಾಲೆಂಡರ್ ನೋಡಿ ಹತ್ತೂವರೆ ಕಳೆದು ಕೂತಿರುತ್ತಾರೆ.

ಶಿರಸಿ ಮೇಷ್ಟ್ರು

ತಂಗೀ, ನಿಮ್ಮ ಪ್ರಶ್ನೆ ಚೆನ್ನಾಗಿದೆ. 2023ರ ಚೌತಿ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ ಕೂಡ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಒಂದು ಮಾತು. ತಿಥಿ ಬೇರೆ, ಹಬ್ಬದ ದಿನ ಬೇರೆ. ಆಕಾಶದಲ್ಲಿ ಚಂದ್ರ ಸೂರ್ಯನಿಂದ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಮೂವತ್ತಾರು ಡಿಗ್ರಿ ಆದ ಕ್ಷಣಕ್ಕೆ ಶುಕ್ಲ ಚತುರ್ಥಿ ಶುರು, ನಲವತ್ತೆಂಟಕ್ಕೆ ಮುಗಿಯಿತು. ಆ ಕ್ಷಣ ಇಡೀ ಭೂಮಿಗೆ ಒಂದೇ. ಕುಮಟಾಕ್ಕೆ ಬೇರೆ, ನ್ಯೂಜೆರ್ಸಿಗೆ ಬೇರೆ ಇಲ್ಲ. ಚಂದ್ರ ಒಬ್ಬನೇ ಅಂದಿರಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಪೂರ್ತಿ ಸರಿ.

ಆದರೆ ಹಬ್ಬ ಮಾಡಬೇಕಾದ್ದು ಆ ಕ್ಷಣದಲ್ಲಲ್ಲ. ಗಣಪತಿ ಪೂಜೆಗೆ ಮಧ್ಯಾಹ್ನ ಮುಖ್ಯ. ಚತುರ್ಥಿ ಯಾವ ದಿನದ ಮಧ್ಯಾಹ್ನದಲ್ಲಿ ಇರುತ್ತದೋ ಆ ದಿನ ಚೌತಿ. ಈ ಮಧ್ಯಾಹ್ನ ಅನ್ನುವುದು ಊರೂರಿಗೆ ಬೇರೆ. ಸೂರ್ಯ ಹುಟ್ಟಿ ಮುಳುಗುವ ತನಕದ ಹಗಲನ್ನು ಐದು ಪಾಲು ಮಾಡಿದರೆ ನಡುವಿನ ಪಾಲು ಅದು.

ಈಗ ಲೆಕ್ಕ. 2023ರಲ್ಲಿ ಚತುರ್ಥಿ ಶುರುವಾಗಿದ್ದು ನಮ್ಮ ಗಡಿಯಾರದಲ್ಲಿ 18ರ ಮಧ್ಯಾಹ್ನ 12:39ಕ್ಕೆ. ಮುಗಿದಿದ್ದು 19ರ ಮಧ್ಯಾಹ್ನ 1:43ಕ್ಕೆ. ಆ ದಿನಗಳಲ್ಲಿ ಕುಮಟಾದಲ್ಲಿ ಸೂರ್ಯೋದಯ ಸುಮಾರು 6:20, ಸೂರ್ಯಾಸ್ತ 6:32. ಹಗಲು ಹನ್ನೆರಡು ಗಂಟೆ ಹನ್ನೆರಡು ನಿಮಿಷ. ಐದರಿಂದ ಭಾಗಿಸಿ. ನಡುವಿನ ಪಾಲು 11:13ರಿಂದ 1:39 ತನಕ ಬರುತ್ತದೆ. 18ನೇ ತಾರೀಖು ಅದರ ಕೊನೆಯ ಒಂದು ಗಂಟೆ ಮಾತ್ರ ಚತುರ್ಥಿ ಇತ್ತು. 19ಕ್ಕೆ ಇಡೀ ಮಧ್ಯಾಹ್ನ ಇತ್ತು, ಅದೂ ನಾಲ್ಕೇ ನಿಮಿಷ ಮಿಗಿಸಿ. ಹಾಗಾಗಿ ನಿಮಗೆ 19.

ಅದೇ ಕ್ಷಣಗಳನ್ನು ನ್ಯೂಜೆರ್ಸಿ ಗಡಿಯಾರದಲ್ಲಿ ನೋಡಿ. ಶುರು 18ರ ಬೆಳಗಿನ ಜಾವ 3:09. ಮುಗಿದಿದ್ದು 19ರ ಬೆಳಗಿನ ಜಾವ 4:13. ಅಲ್ಲಿನ ಮಧ್ಯಾಹ್ನದ ಪಾಲು ಸುಮಾರು 11:40ರಿಂದ 2:05. 18ರ ಮಧ್ಯಾಹ್ನ ಪೂರ್ತಿ ಚತುರ್ಥಿ. 19ರ ಮಧ್ಯಾಹ್ನಕ್ಕೆ ಅದು ಮುಗಿದೇ ಹೋಗಿ ಪಂಚಮಿ ನಡೆಯುತ್ತಾ ಇತ್ತು. ನಿಮ್ಮ ಮಗ 19ಕ್ಕೆ ಮಾಡಿದ್ದರೆ ಪಂಚಮಿಯಲ್ಲಿ ಚೌತಿ ಮಾಡಿದ ಹಾಗೆ ಆಗುತ್ತಿತ್ತು.

ಅಘನಾಶಿನಿ ತೀರ (ಕುಮಟಾ)

ಮೇಷ್ಟ್ರೇ, ಲೆಕ್ಕ ಅರ್ಥ ಆಯ್ತು. ಆದರೆ ಮನಸ್ಸಿಗೆ ಇನ್ನೂ ಇಳಿಯುತ್ತಾ ಇಲ್ಲ. ಅವನು ನನಗಿಂತ ಮೊದಲು ಮಾಡಿದನೋ, ಆಮೇಲೆ ಮಾಡಿದನೋ?

ಶಿರಸಿ ಮೇಷ್ಟ್ರು

ಮೊದಲು. ಅವನ 18ರ ಮಧ್ಯಾಹ್ನ 12 ಅಂದರೆ ನಿಮ್ಮ 18ರ ರಾತ್ರಿ ಒಂಬತ್ತೂವರೆ. ನೀವು ಚಕ್ಕುಲಿ ತುಂಬುತ್ತಿದ್ದ ಹೊತ್ತು ಅಲ್ವಾ? ನಿಮ್ಮ ಪೂಜೆ ಮಾರನೇ ದಿನದ ಮಧ್ಯಾಹ್ನ, ಅಂದರೆ ಸುಮಾರು ಹದಿನಾಲ್ಕು ಗಂಟೆ ಆದ ಮೇಲೆ.

ಹೀಗೆ ಯೋಚಿಸಿ. ಮಧ್ಯಾಹ್ನ ಅನ್ನುವುದು ಪೂರ್ವದಿಂದ ಪಶ್ಚಿಮಕ್ಕೆ ಊರಿಂದ ಊರಿಗೆ ಹೋಗುತ್ತಾ ಇರುತ್ತದೆ. 18ನೇ ತಾರೀಖಿನ ಮಧ್ಯಾಹ್ನ ಮೆಲ್ಬರ್ನ್ ದಾಟಿತು, ಸಿಂಗಾಪುರ ದಾಟಿತು. ಆಗ ಇನ್ನೂ ತದಿಗೆ. ನಮ್ಮ ಮೇಲೆ ಬಂದು ಅರ್ಧ ದಾಟುವಾಗ ಚತುರ್ಥಿ ಹುಟ್ಟಿತು. ನಮ್ಮನ್ನು ಬಿಟ್ಟು ಪಶ್ಚಿಮಕ್ಕೆ ಹೋದಾಗ ಲಂಡನ್ನಿಗೂ ನ್ಯೂಜೆರ್ಸಿಗೂ ಅದು ಚತುರ್ಥಿಯ ಮಧ್ಯಾಹ್ನವಾಗಿಯೇ ಸಿಕ್ಕಿತು. ನಾವು ಮುಂದಿನ ಮಧ್ಯಾಹ್ನಕ್ಕೆ ಕಾಯಬೇಕಾಯಿತು. ಗಡಿಯಾರದಲ್ಲಿ ಹಿಂದೆ ಇರುವವರಿಗೇ ಇದರಲ್ಲಿ ಅನುಕೂಲ, ಅವರ ಮಧ್ಯಾಹ್ನ ಇನ್ನೂ ಬರಬೇಕಾಗಿರುತ್ತದೆ.

ಅಂದರೆ ಆ ವರ್ಷದ ಚೌತಿಯ ಗೆರೆ ಸರಿಯಾಗಿ ನಮ್ಮ ತಲೆಯ ಮೇಲೆ ಬಿದ್ದಿತ್ತು. ಗೆರೆಯ ಪಶ್ಚಿಮಕ್ಕೆ 18, ಪೂರ್ವಕ್ಕೆ 19. ಈ ಗೆರೆ ಪ್ರತಿ ಹಬ್ಬಕ್ಕೂ ಬೇರೆ ಕಡೆ ಬೀಳುತ್ತದೆ. ನಾವು ತಾರೀಖು ಬದಲಿಸುವ ಗೆರೆ ಮಾತ್ರ ಪೆಸಿಫಿಕ್ ಸಮುದ್ರದಲ್ಲಿ ಅಲುಗಾಡದೆ ಕೂತಿದೆ. ಈ ಎರಡು ಗೆರೆಗಳ ನಡುವಿನ ವ್ಯತ್ಯಾಸವೇ ನಿಮ್ಮ ಪ್ರಶ್ನೆ.

ಕಾಳಿ ದಂಡೆಯವರು ಅಂದ "ಒಂದೋ ಅದೇ ತಾರೀಖು, ಇಲ್ಲ ಅಂದರೆ ಮಾರನೇ ದಿನ" ಅನ್ನುವುದು ಸರಿಯಾಗಿ ಉಲ್ಟಾ. ಅಮೆರಿಕಕ್ಕೆ ಒಂದೋ ನಮ್ಮದೇ ತಾರೀಖು, ಇಲ್ಲ ಅಂದರೆ ಒಂದು ತಾರೀಖು ಮೊದಲು. ಆಸ್ಟ್ರೇಲಿಯಾಕ್ಕೆ ಒಂದೋ ಅದೇ ತಾರೀಖು, ಇಲ್ಲ ಅಂದರೆ ಒಂದು ತಾರೀಖು ತಡ.

ಕಾಳಿ ದಂಡೆ (ಕಾರವಾರ)

ಹಾಗಿದ್ದರೆ ಪ್ರತಿ ವರ್ಷ ಅಮೆರಿಕದಲ್ಲಿ ಮೊದಲೇ ಬರಬೇಕಲ್ಲ. ನನ್ನ ಭಾವ ಎಷ್ಟೋ ವರ್ಷ ನಮ್ಮ ದಿನವೇ ಮಾಡಿದ್ದಾನೆ.

ಶಿರಸಿ ಮೇಷ್ಟ್ರು

ಪ್ರತಿ ವರ್ಷ ಅಲ್ಲ. ಚತುರ್ಥಿ ನಮ್ಮ ಮಧ್ಯಾಹ್ನ ಅರ್ಧವಾದರೂ ಕಳೆದ ಮೇಲೆ, ಅವರ ಮಧ್ಯಾಹ್ನಕ್ಕೆ ಮೊದಲು ಶುರುವಾದರೆ ಮಾತ್ರ. ಕುಮಟಾದ ಮಧ್ಯಾಹ್ನಕ್ಕೂ ನ್ಯೂಜೆರ್ಸಿಯ ಮಧ್ಯಾಹ್ನಕ್ಕೂ ಸುಮಾರು ಹತ್ತು ಗಂಟೆ ಅಂತರ. ತಿಥಿ ದಿನದ ಯಾವ ಹೊತ್ತಿಗೆ ಬೇಕಾದರೂ ಶುರುವಾಗಬಹುದು. ಹಾಗಾಗಿ ಇಪ್ಪತ್ನಾಲ್ಕರಲ್ಲಿ ಹತ್ತು ಪಾಲು, ಸರಾಸರಿ ಹತ್ತು ವರ್ಷಕ್ಕೆ ನಾಲ್ಕು ಸಲ. ಕ್ಯಾಲಿಫೋರ್ನಿಯಾಕ್ಕೆ ಹದಿಮೂರು ಗಂಟೆ ಅಂತರ ಇರುವುದರಿಂದ ಅರ್ಧಕ್ಕಿಂತ ಜಾಸ್ತಿ ಸಲ. ನಿಮ್ಮ ಭಾವ ಒಂದೇ ದಿನ ಮಾಡಿದ ವರ್ಷಗಳೂ ಇದರಲ್ಲೇ ಬರುತ್ತವೆ.

ಎಡಿಸನ್ ಕನ್ನಡಿಗ

ಹಾಗಾದರೆ ನಾನು ಹೇಳಿದ್ದೂ ಅದೇ ಆಯ್ತಲ್ಲ, ಟೈಂ ಕಳೆದರೆ ಸಾಕು.

ಶಿರಸಿ ಮೇಷ್ಟ್ರು

ಸಾಕಾಗುವುದಿಲ್ಲ. ಚತುರ್ಥಿ ನಿಮ್ಮ ಕಡೆ 18ರ ಸಂಜೆ ನಾಲ್ಕಕ್ಕೆ ಶುರುವಾಗಿತ್ತು ಅಂದುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಹಬ್ಬ 18. ಆದರೆ 18ರ ಮಧ್ಯಾಹ್ನ ಆಗಲೇ ಮುಗಿದಿದೆ, ಹಬ್ಬ 19ಕ್ಕೆ ಹೋಗುತ್ತದೆ. ಸಮಯ ಬದಲಿಸಿಕೊಳ್ಳುವುದು ಅರ್ಧ ಕೆಲಸ. ನಿಮ್ಮ ಊರಿನ ಸೂರ್ಯೋದಯ ಸೂರ್ಯಾಸ್ತ ತೆಗೆದುಕೊಂಡು ಆ ಹೊತ್ತು ಹಬ್ಬಕ್ಕೆ ಬೇಕಾದ ಕಾಲದಲ್ಲಿ ಬೀಳುತ್ತದೋ ನೋಡುವುದು ಉಳಿದ ಅರ್ಧ. ಏಕಾದಶಿಗಾದರೆ ಸೂರ್ಯೋದಯ ನೋಡಬೇಕು, ಶಿವರಾತ್ರಿಗೆ ನಡುರಾತ್ರಿ. ಒಂದೇ ಊರಿನಲ್ಲಿ ಕೂತವರಿಗೂ ಹಬ್ಬದಿಂದ ಹಬ್ಬಕ್ಕೆ ಇದು ಬದಲಾಗುತ್ತದೆ.

ಹೊನ್ನಾವರದ ಅಕ್ಕ

ನನ್ನದೂ ಇದೇ ಸಮಸ್ಯೆ! ಮಗಳು ಮೆಲ್ಬರ್ನಿನಲ್ಲಿದ್ದಾಳೆ, ಸಂಕಷ್ಟಿ ಉಪವಾಸ ಮಾಡ್ತಾಳೆ. ನಮ್ಮ ಕ್ಯಾಲೆಂಡರಿನಲ್ಲಿ ಚಂದ್ರೋದಯ 9:15 ಅಂತ ಇದ್ದರೆ ಅವಳು ಎಷ್ಟು ಗಂಟೆಗೆ ಊಟ ಮಾಡಬೇಕು? ನಾನು ನಮ್ಮ ಟೈಮಿಗೆ ಫೋನ್ ಮಾಡಿ ಹೇಳ್ತಾ ಇದ್ದೆ. ಅವಳಿಗೆ ಆಗ ನಡುರಾತ್ರಿ ದಾಟಿರುತ್ತದೆ, ಪಾಪ.

ಯಲ್ಲಾಪುರ ಅಡಿಕೆ

ಅಕ್ಕಾ, ಮಗಳಿಗೆ ಊಟ ಹಾಕಿ! ಅಲ್ಲಿ ಚಂದ್ರ ಹುಟ್ಟಿ ಎಷ್ಟು ಹೊತ್ತಾಯ್ತೋ.

ಗೋಕರ್ಣ ಪುರೋಹಿತ

ಸಂಕಷ್ಟಿಗೆ ಅವಳಿರುವ ಊರಿನ ಚಂದ್ರೋದಯ. ಅದನ್ನು ಇಲ್ಲಿಂದ ಲೆಕ್ಕ ಹಾಕಿ ಹೇಳಲು ಬರುವುದಿಲ್ಲ, ಅಲ್ಲಿನ ಸಮಯವನ್ನೇ ನೋಡಬೇಕು. ಚಂದ್ರೋದಯದ ಹೊತ್ತಿಗೆ ಚತುರ್ಥಿ ಇರುವ ದಿನವೇ ಸಂಕಷ್ಟಿ. ಹಾಗಾಗಿ ಕೆಲವು ತಿಂಗಳು ಅವಳ ಉಪವಾಸದ ದಿನವೇ ನಿಮ್ಮದಕ್ಕಿಂತ ಬೇರೆ ಇರಬಹುದು.

ಕಾಳಿ ದಂಡೆ (ಕಾರವಾರ)

ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಂದ್ರ ಕಾಣುವುದೇ ಅಪರೂಪ. ಮಳೆ ನೋಡಿ, ಗಡಿಯಾರ ನೋಡಿ, ಊಟ ಮಾಡೋದು.

ಅದಿರಲಿ ಮೇಷ್ಟ್ರೇ, ನನಗೆ ಇನ್ನೊಂದು ಅನುಮಾನ. ಅಮೆರಿಕದಿಂದ ನೋಡಿದರೆ ಚಂದ್ರ ಬೇರೆ ಜಾಗದಲ್ಲಿ ಕಾಣುತ್ತಾನೆ, ನಮ್ಮಿಂದ ನೋಡಿದರೆ ಬೇರೆ ಜಾಗದಲ್ಲಿ. ಗ್ರಹಣವೂ ಎಲ್ಲರಿಗೂ ಕಾಣುವುದಿಲ್ಲ. ತಿಥಿ ಬೇರೆ ಆಗುವುದು ಅದರಿಂದಲೇ ಇರಬೇಕು.

ಶಿರಸಿ ಮೇಷ್ಟ್ರು

ಚಂದ್ರ ಹತ್ತಿರ ಇರುವುದರಿಂದ ಬೇರೆ ಬೇರೆ ಊರಿನಿಂದ ಸ್ವಲ್ಪ ಬೇರೆ ಜಾಗದಲ್ಲಿ ಕಾಣುತ್ತಾನೆ ಅನ್ನುವುದು ನಿಜ. ಗ್ರಹಣಕ್ಕೆ ಅದು ಮುಖ್ಯ ಕೂಡ. ಆದರೆ ತಿಥಿಗೆ ಭೂಮಿಯ ಮಧ್ಯದಿಂದ ನೋಡಿದ ಹಾಗೆ ಲೆಕ್ಕ ಹಾಕುತ್ತಾರೆ. ಅದಕ್ಕೇ ಎಲ್ಲ ಊರಿಗೂ ಒಂದೇ ಕ್ಷಣ. ವ್ಯತ್ಯಾಸ ತರುವುದು ಸೂರ್ಯ, ಚಂದ್ರ ಅಲ್ಲ.

ಭಟ್ಕಳ ಬಂದರ

ನಮ್ಮ ರಂಜಾನಿನಲ್ಲಿ ಉಲ್ಟಾ ಸರ್, ವ್ಯತ್ಯಾಸ ತರುವವನೇ ಚಂದ್ರ. ನಮ್ಮಲ್ಲಿ ಲೆಕ್ಕದ ಕ್ಷಣ ಸಾಲದು, ಕಣ್ಣಿಗೆ ಕಾಣಬೇಕು. ಭಟ್ಕಳದಲ್ಲಿ ನಾವು ಸಾಮಾನ್ಯವಾಗಿ ಕೇರಳದ ಕಡೆಯ ಸುದ್ದಿಗೆ ಕಾಯ್ತೇವೆ. ಹುಬ್ಬಳ್ಳಿಯ ನೆಂಟರು ಅಲ್ಲಿನ ಕಮಿಟಿ ಹೇಳಿದ ಹಾಗೆ. 2024ರ ಈದ್ ಕೇರಳದಲ್ಲಿ ಏಪ್ರಿಲ್ 10, ದೇಶದ ಹೆಚ್ಚಿನ ಕಡೆ 11. ನಾವು ಹೊಸ ಬಟ್ಟೆ ಹಾಕಿ ಬಿರಿಯಾನಿ ತಿನ್ನುವಾಗ ಹುಬ್ಬಳ್ಳಿಯಲ್ಲಿ ಚಿಕ್ಕಮ್ಮ ಇನ್ನೂ ರೋಜಾ ಹಿಡಿದಿದ್ದರು. ಇದು ದೂರದ ದೇಶದ ಮಾತೂ ಅಲ್ಲ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇಲ್ಲಿ ಟೈಂ ಝೋನ್ ಏನೂ ಇಲ್ಲವಲ್ಲ?

ಶಿರಸಿ ಮೇಷ್ಟ್ರು

ಸರಿಯಾಗಿ ಹೇಳಿದಿರಿ, ಇದು ನಡೆಯುವ ಬಗೆಯೇ ಬೇರೆ. 2024ರದ್ದು ನೋಡುವುದು ಸುಲಭ, ಯಾಕೆಂದರೆ ಆ ಅಮಾವಾಸ್ಯೆಗೆ ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣ ಆಗಿತ್ತು, ಎಲ್ಲರಿಗೂ ನೆನಪಿದೆ. ಏಪ್ರಿಲ್ 8, ನಮ್ಮ ಗಡಿಯಾರದಲ್ಲಿ ರಾತ್ರಿ 11:51ಕ್ಕೆ ಅಮಾವಾಸ್ಯೆಯ ಕ್ಷಣ. 9ರ ಸಂಜೆ ಕೇರಳದಲ್ಲಿ ಸೂರ್ಯ ಮುಳುಗಿದಾಗ ಚಂದ್ರನಿಗೆ ಹದಿನೆಂಟೂ ಮುಕ್ಕಾಲು ಗಂಟೆ ವಯಸ್ಸು. ಕೂದಲೆಳೆಯಷ್ಟು ತೆಳು ಗೆರೆ, ಕೆಳಗೆ ದಿಗಂತದ ಹತ್ತಿರ. ಆಕಾಶ ಶುಭ್ರ ಇದ್ದರೆ ಕಂಡೀತು. ಸ್ವಲ್ಪ ಮೋಡವೋ ಧೂಳೋ ಇದ್ದರೆ ಇಲ್ಲ. ಅದೇ 9ರ ಸಂಜೆ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗುವಾಗ ಚಂದ್ರನಿಗೆ ಇಪ್ಪತ್ತೊಂಬತ್ತು ಗಂಟೆ. ಅಲ್ಲಿ ಹುಡುಕದೆಯೇ ಕಾಣುತ್ತಾನೆ.

ಇಲ್ಲೂ ಪಶ್ಚಿಮದವರಿಗೇ ಅನುಕೂಲ, ಗಮನಿಸಿ. ಅವರ ಸಂಜೆ ತಡವಾಗಿ ಬರುವುದರಿಂದ ಚಂದ್ರ ಅಷ್ಟು ಹೊತ್ತು ಬೆಳೆದಿರುತ್ತಾನೆ. ಆದರೆ ಕಣ್ಣು, ಮೋಡ, ಯಾರ ಸಾಕ್ಷಿಯನ್ನು ಯಾರು ಒಪ್ಪಬೇಕು, ಇದೆಲ್ಲ ಸೇರುವುದರಿಂದ ಗೆರೆ ನೇರವಾಗಿ ಬೀಳುವುದಿಲ್ಲ. ಅದಕ್ಕೇ ಭಟ್ಕಳಕ್ಕೂ ಹುಬ್ಬಳ್ಳಿಗೂ ನಡುವೆ ಬೀಳುತ್ತದೆ.

ಭಟ್ಕಳ ಬಂದರ

ದುಬೈಯಲ್ಲಿರುವ ಅಣ್ಣನದ್ದು ಇನ್ನೂ ತಮಾಷೆ. ಒಮ್ಮೆ ರಂಜಾನಿನ ನಡುವೆ ಅಲ್ಲಿಂದ ಹುಬ್ಬಳ್ಳಿಗೆ ಹೋದ. ಅಲ್ಲಿ ಒಂದು ದಿನ ಮೊದಲು ಶುರು ಮಾಡಿದ್ದ, ಇಲ್ಲಿ ಒಂದು ದಿನ ತಡವಾಗಿ ಮುಗಿಸಬೇಕಾಯ್ತು. ಎಲ್ಲರಿಗಿಂತ ಒಂದು ಉಪವಾಸ ಜಾಸ್ತಿ. ಬಿಡೋ ಹಾಗಿಲ್ಲ, ಇದ್ದ ಊರಿನ ಜೊತೆ ಇರಬೇಕು ಅಂದರು ನಮ್ಮ ಹಿರಿಯರು.

ಹಡಗಿನವ (ಅಂಕೋಲಾ)

ಇದು ನನ್ನ ವಿಷಯ. ನಾನು ಮರ್ಚೆಂಟ್ ನೇವಿಯಲ್ಲಿದ್ದೆ. ಜಪಾನಿನಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗುವಾಗ ಪೆಸಿಫಿಕ್ ನಡುವೆ ಒಂದೇ ತಾರೀಖು ಎರಡು ಸಲ ಬರುತ್ತದೆ. ಒಮ್ಮೆ ಹಾಗೆ ಡಬಲ್ ಆದ ದಿನವೇ ಏಕಾದಶಿ. ನಾನು ಬಿಡದೆ ಮಾಡುತ್ತಿದ್ದೆ, ಅಮ್ಮನಿಗೆ ಮಾತು ಕೊಟ್ಟಿದ್ದೆ. ಕುಕ್ ಕೇಳಿದ, "ಇವತ್ತು ನಿಂಗೆ ಊಟ ಬೇಡ ಅಂದ್ಯಲ್ಲ, ನಾಳೆಯೂ ಇವತ್ತೇ, ಏನು ಮಾಡ್ಲಿ?" ಎರಡೂ ದಿನ ಹಣ್ಣು ತಿಂದುಕೊಂಡು ಇದ್ದೆ. ಅದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.

ಶಿರಸಿ ಮೇಷ್ಟ್ರು

ತಾರೀಖಿನ ಗೆರೆ ದಾಟುವುದಕ್ಕೂ ತಿಥಿಗೂ ಸಂಬಂಧವೇ ಇಲ್ಲ. ಲಾಗ್ ಪುಸ್ತಕದಲ್ಲಿ ಯಾವ ತಾರೀಖು ಬರೆದರೂ ಚಂದ್ರ ಮುಂದೆ ಹೋಗುತ್ತಲೇ ಇರುತ್ತಾನೆ. ಯಾವ ಸೂರ್ಯೋದಯಕ್ಕೆ ಏಕಾದಶಿ ಇತ್ತು ಅನ್ನುವುದು ಮಾತ್ರ ಪ್ರಶ್ನೆ. ಆದರೆ ನೀವು ಪೂರ್ವಕ್ಕೆ ಹೋಗುತ್ತಾ ಇದ್ದಿರಿ. ಸೂರ್ಯ ದಿನಾ ಸ್ವಲ್ಪ ಬೇಗ ಹುಟ್ಟುತ್ತಾನೆ, ನಿಮ್ಮ ದಿನ ಇಪ್ಪತ್ನಾಲ್ಕು ಗಂಟೆಗಿಂತ ಚಿಕ್ಕದು. ತಿಥಿ ಉದ್ದ ಇಪ್ಪತ್ತರಿಂದ ಇಪ್ಪತ್ತೇಳು ಗಂಟೆ. ಅದು ಉದ್ದದ ತಿಥಿಯಾಗಿದ್ದರೆ ಎರಡು ಸೂರ್ಯೋದಯಕ್ಕೂ ಏಕಾದಶಿ ಸಿಕ್ಕಿರಬಹುದು. ಅಂಥದ್ದು ಊರಲ್ಲೂ ಆಗುತ್ತದೆ, ಹಡಗಿನಲ್ಲಿ ಇನ್ನೂ ಸುಲಭವಾಗಿ ಆಗುತ್ತದೆ.

ಹಡಗಿನವ (ಅಂಕೋಲಾ)

ಎರಡೂ ದಿನ ಸಿಕ್ಕರೆ ಯಾವ ದಿನ ಮಾಡಬೇಕಿತ್ತು?

ಗೋಕರ್ಣ ಪುರೋಹಿತ

ಅದು ನೀವು ಯಾವ ಸಂಪ್ರದಾಯದವರು ಅನ್ನುವುದರ ಮೇಲೆ. ಸ್ಮಾರ್ತರದ್ದು ಒಂದು, ವೈಷ್ಣವರದ್ದು ಒಂದು. ವೈಷ್ಣವರು ಸೂರ್ಯೋದಯಕ್ಕೂ ಮೊದಲು, ಅರುಣೋದಯದಲ್ಲಿ ದಶಮಿಯ ಸೋಂಕು ಇದೆಯಾ ನೋಡುತ್ತಾರೆ. ಸೋಂಕಿದ್ದರೆ ಆ ದಿನ ಬಿಟ್ಟು ಮಾರನೇ ದಿನ. ಎರಡೂ ದಿನ ಉಪವಾಸ ಮಾಡಿದಿರಿ, ಒಳ್ಳೆಯದೇ ಆಯ್ತು, ಬಿಡಿ.

ಮೇಷ್ಟ್ರ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು. 2023ರಲ್ಲಿ ಕುಮಟಾಕ್ಕೆ 19 ಅಂತ ಅಷ್ಟು ಖಚಿತವಾಗಿ ಹೇಳಿದಿರಿ. ಆದರೆ 18ರ ಮಧ್ಯಾಹ್ನಕ್ಕೂ ಚತುರ್ಥಿ ಒಂದು ಗಂಟೆ ತಾಗಿತ್ತಲ್ಲ. ಚೌತಿಗೆ ತದಿಗೆ ಕೂಡಿದ ದಿನ ಒಳ್ಳೆಯದು ಅಂತ ಒಂದು ಮಾತಿದೆ. ಗೌರಿಯ ಜೊತೆ ಮಗ, ಅಲ್ವಾ? ಎರಡು ದಿನವೂ ಅರ್ಧರ್ಧ ತಾಗಿದರೆ ಮೊದಲ ದಿನ ಹಿಡಿಯಬೇಕು. ಮೊದಲ ದಿನ ಸ್ವಲ್ಪ ತಾಗಿ ಎರಡನೇ ದಿನ ಪೂರ್ತಿ ಇದ್ದರೆ ಎರಡನೆಯದು ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ದು. ಆ ನಾಲ್ಕು ನಿಮಿಷ ಇಲ್ಲದಿದ್ದರೆ 18 ಆಗುತ್ತಿತ್ತು.

ಕಾಳಿ ದಂಡೆ (ಕಾರವಾರ)

ನೋಡಿ, ನೋಡಿ! ಸರ್ಕಾರದ ರಜೆ ಪಟ್ಟಿಯಲ್ಲೂ ಆ ವರ್ಷ 18 ಅಂತಲೇ ಇತ್ತು. ಬೆಂಗಳೂರಿನಲ್ಲಿ ನಮ್ಮ ಅತ್ತೆ ಮನೆಯವರು 18ಕ್ಕೇ ಮಾಡಿದರು. ಬೆಂಗಳೂರು ಏನು ಅಮೆರಿಕದಲ್ಲಿದೆಯಾ?

ಅಘನಾಶಿನಿ ತೀರ (ಕುಮಟಾ)

ಹೌದಲ್ಲ, ಇದನ್ನು ಮರೆತೇ ಬಿಟ್ಟಿದ್ದೆ. ನಮ್ಮಲ್ಲಿ ಬಗ್ಗೋಣ ಪಂಚಾಂಗ ನೋಡುವುದು. ಬೆಂಗಳೂರಿನ ತಂಗಿಯ ಮನೆಯಲ್ಲಿ ಬೇರೆ. ಆ ವರ್ಷ ಅವಳ ಜೊತೆ ಫೋನಿನಲ್ಲಿ ಸಣ್ಣ ಜಗಳವೇ ಆಗಿತ್ತು.

ಶಿರಸಿ ಮೇಷ್ಟ್ರು

ಅದು ಜಾಗದ ವ್ಯತ್ಯಾಸ ಅಲ್ಲ. ಬೆಂಗಳೂರಿಗೂ ಕುಮಟಾಕ್ಕೂ ಸೂರ್ಯನ ಲೆಕ್ಕದಲ್ಲಿ ಹನ್ನೆರಡು ಹದಿಮೂರು ನಿಮಿಷ ಅಷ್ಟೇ. ಅಲ್ಲಿ ಎರಡು ಬೇರೆ ಕಾರಣ ಇವೆ. ಒಂದು, ಪುರೋಹಿತರು ಹೇಳಿದ ಹಾಗೆ ನಿಯಮ ಹಿಡಿಯುವುದರಲ್ಲಿ ಭೇದ. ಇನ್ನೊಂದು, ಪಂಚಾಂಗದ ಗಣಿತವೇ ಎರಡು ಬಗೆ. ಹಳೆಯ ಸೂರ್ಯಸಿದ್ಧಾಂತದ ಲೆಕ್ಕ ಮತ್ತು ಈಗ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ದೃಕ್ ಲೆಕ್ಕ. ಚಂದ್ರನ ಓಟ ಒಂದೇ ವೇಗದ್ದಲ್ಲ. ಹಳೆಯ ಲೆಕ್ಕ ಅದರ ಏರಿಳಿತವನ್ನೆಲ್ಲ ಪೂರ್ತಿ ಹಿಡಿಯುವುದಿಲ್ಲ. ಹಾಗಾಗಿ ತಿಥಿ ಶುರುವಾಗುವ ಹೊತ್ತು ಎರಡರಲ್ಲೂ ಗಂಟೆಗಟ್ಟಲೆ ಬೇರೆ ಬರಬಹುದು. ನಾನು ಮೇಲೆ ಕೊಟ್ಟ ಹೊತ್ತುಗಳೆಲ್ಲ ದೃಕ್ ಲೆಕ್ಕದವು. ಸಾಮಾನ್ಯ ವರ್ಷದಲ್ಲಿ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಗೆರೆ ನಮ್ಮ ತಲೆಯ ಮೇಲೇ ಬಿದ್ದ ವರ್ಷ ಮಾತ್ರ ಮನೆಮನೆಗೆ ಬೇರೆ ದಿನ ಆಗಿಬಿಡುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಎರಡು ಪಂಚಾಂಗದಲ್ಲಿ ತಿಥಿ ಮುಗಿಯುವ ಹೊತ್ತು ನೋಡಿ. ಹೊತ್ತೇ ಬೇರೆ ಇದ್ದರೆ ಗಣಿತದ ಜಗಳ. ಹೊತ್ತು ಒಂದೇ ಇದ್ದು ದಿನ ಬೇರೆ ಇದ್ದರೆ ನಿಯಮದ ಜಗಳ.

ಗೋಕರ್ಣ ಪುರೋಹಿತ

ಹಳೆಯ ಲೆಕ್ಕ ತಪ್ಪು ಅನ್ನುವ ಹಾಗೆ ಬರೆಯಬೇಡಿ ಮೇಷ್ಟ್ರೇ. ಮಠಗಳು ಅದನ್ನೇ ಹಿಡಿದು ನಡೆಸಿಕೊಂಡು ಬಂದಿವೆ.

ಶಿರಸಿ ಮೇಷ್ಟ್ರು

ಆಚರಣೆಗೆ ಯಾವುದು ಹಿಡಿಯಬೇಕು ಅನ್ನುವುದು ನಿಮ್ಮ ಕ್ಷೇತ್ರ, ನಾನು ಬರುವುದಿಲ್ಲ. ಆಕಾಶಕ್ಕೆ ಯಾವುದು ಹೊಂದುತ್ತದೆ ಅನ್ನುವುದನ್ನು ಗ್ರಹಣದ ದಿನ ಯಾರು ಬೇಕಾದರೂ ನೋಡಬಹುದು.

ಗೋಕರ್ಣ ಪುರೋಹಿತ

ಗ್ರಹಣಕ್ಕೆ ದೃಕ್ ಹಿಡಿಯುವುದು ನಮಗೂ ಗೊತ್ತು. ವ್ರತಕ್ಕೆ ಬೇರೆ. ಈ ಚರ್ಚೆ ನಮ್ಮ ಅಜ್ಜನ ಕಾಲದಿಂದ ಇದೆ, ಇಲ್ಲಿ ಮುಗಿಯುವುದಲ್ಲ.

ಎಡಿಸನ್ ಕನ್ನಡಿಗ

ನಮ್ಮಲ್ಲಿ ಈ ಎರಡೂ ಜಗಳ ಇಲ್ಲ, ಮೂರನೆಯದು ಇದೆ. ದೇವಸ್ಥಾನದಲ್ಲಿ ದೊಡ್ಡ ಪೂಜೆ ಶನಿವಾರ ಭಾನುವಾರವೇ. 2024ರಲ್ಲಿ ಇಲ್ಲಿನ ಲೆಕ್ಕಕ್ಕೆ ಶುಕ್ರವಾರ 6. ಊರಲ್ಲಿ 7 ಶನಿವಾರ. ತುಂಬಾ ಜನ ಶನಿವಾರ ಮಾಡಿ "ಊರಿನ ಜೊತೆ ಮಾಡಿದೆವು" ಅಂದರು. ಇಲ್ಲಿನ ಶನಿವಾರ ಬೆಳಿಗ್ಗೆ 8:07ಕ್ಕೇ ಚತುರ್ಥಿ ಮುಗಿದಿತ್ತು. ಊರಿನ ಜೊತೆಯೂ ಅಲ್ಲ, ತಿಥಿಯ ಜೊತೆಯೂ ಅಲ್ಲ. ಆಫೀಸಿನ ಜೊತೆ.

ಅಘನಾಶಿನಿ ತೀರ (ಕುಮಟಾ)

ಹಾಗಾದರೆ ಒಂದು ಕೇಳಬೇಕಿತ್ತು. ನಾನೂ ಮಗನೂ ಒಂದೇ ಹೊತ್ತಿಗೆ ಪೂಜೆ ಮಾಡಬೇಕು ಅಂದರೆ? ವಿಡಿಯೋ ಕಾಲ್ ಹಾಕಿ, ನಮ್ಮ ಮಂಗಳಾರತಿ ಆಗುವಾಗ ಅವನೂ ಮಾಡಿದರೆ ನಡೆಯುತ್ತದಾ? ಆ ಕ್ಷಣ ಇಡೀ ಭೂಮಿಗೆ ಒಂದೇ ಅಂದಿರಲ್ಲ.

ಗೋಕರ್ಣ ಪುರೋಹಿತ

ನಿಮ್ಮ ಮಧ್ಯಾಹ್ನ ಹನ್ನೆರಡೂವರೆ ಅಂದರೆ ಅವನಿಗೆ ಬೆಳಗಿನ ಜಾವ ಮೂರು. ತಿಥಿ ಇದ್ದರೂ ಕಾಲ ಇಲ್ಲ. ಸಂಕಲ್ಪದಲ್ಲಿ ಅವನಿರುವ ದೇಶ, ಅವನ ಕಾಲ ಹೇಳಬೇಕು. ಅವನ ಮಧ್ಯಾಹ್ನ ಅವನು ಮಾಡಲಿ. ನಿಮ್ಮದನ್ನು ಕೂತು ನೋಡಲಿ, ಅದಕ್ಕೇನು ಅಡ್ಡಿ ಇಲ್ಲ.

ಎಡಿಸನ್ ಕನ್ನಡಿಗ

ನನಗೆ ಇದು ಒಪ್ಪಿಗೆ ಇಲ್ಲ ಭಟ್ರೇ. ಎಷ್ಟೋ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಮಾಡುವುದೇ ಹಬ್ಬ. ಮೂರು ಗಂಟೆಗೆ ಎದ್ದು ಸ್ನಾನ ಮಾಡಿ ಕೂರುವವರನ್ನು ನಾನು ನೋಡಿದ್ದೇನೆ.

ಯಲ್ಲಾಪುರ ಅಡಿಕೆ

ಈ ಸಲ ಹೇಗೆ? ಸೆಪ್ಟೆಂಬರ್ 14, 2026. ಮೊದಲೇ ಹೇಳಿ, ಪಾರ್ಸಲ್ ಕಳಿಸುವವರಿಗೆ ಉಪಕಾರ ಆಗುತ್ತದೆ.

ಶಿರಸಿ ಮೇಷ್ಟ್ರು

ಈ ಸಲ ಚತುರ್ಥಿ ನಮ್ಮ ಗಡಿಯಾರದಲ್ಲಿ 14ರ ಬೆಳಿಗ್ಗೆ ಏಳರ ಸುಮಾರಿಗೆ ಶುರು, 15ರ ಬೆಳಿಗ್ಗೆ ಏಳೂ ಮುಕ್ಕಾಲರ ಹೊತ್ತಿಗೆ ಮುಗಿಯುತ್ತದೆ. ಅಘನಾಶಿನಿಯವರೇ, ನೀವೇ ಲೆಕ್ಕ ಹಾಕಿ ನೋಡಿ.

ಅಘನಾಶಿನಿ ತೀರ (ಕುಮಟಾ)

ನಮಗೆ 14ರ ಮಧ್ಯಾಹ್ನ ಪೂರ್ತಿ ಇದೆ, ತಕರಾರಿಲ್ಲ. ನ್ಯೂಜೆರ್ಸಿಗೆ ಒಂಬತ್ತೂವರೆ ಕಳೆದರೆ 13ರ ರಾತ್ರಿ ಒಂಬತ್ತೂವರೆಗೆ ಶುರು, 14ರ ರಾತ್ರಿ ಹತ್ತೂ ಕಾಲಿಗೆ ಮುಗಿಯಿತು. ಬರೀ ತಾರೀಖು ನೋಡಿದ್ದರೆ 13 ಅಂದುಬಿಡುತ್ತಿದ್ದೆ! ಮಧ್ಯಾಹ್ನ ಇರುವುದು 14ಕ್ಕೆ. ಇಬ್ಬರಿಗೂ 14, ಸರಿಯಾ?

ಶಿರಸಿ ಮೇಷ್ಟ್ರು

ಸರಿ. ಕಾಳಿ ದಂಡೆಯವರ ಭಾವನಿಗೂ 14.

ಹೊನ್ನಾವರದ ಅಕ್ಕ

ಹಾಗಾದರೆ ಮೆಲ್ಬರ್ನಿಗೂ 14 ತಾನೇ? ಅವಳಿಗೆ ರಜೆ ಹಾಕಲು ಹೇಳಬೇಕು.

ಶಿರಸಿ ಮೇಷ್ಟ್ರು

ಅಲ್ಲೇ ಇರುವುದು ಈ ಸಲದ ತಲೆಬಿಸಿ. ಮೆಲ್ಬರ್ನ್ ಸೆಪ್ಟೆಂಬರಿನಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಚತುರ್ಥಿ 14ರ ಬೆಳಿಗ್ಗೆ ಹನ್ನೊಂದೂವರೆ ದಾಟಿ ಶುರು, 15ರ ಮಧ್ಯಾಹ್ನ ಹನ್ನೆರಡೂ ಕಾಲಿಗೆ ಮುಗಿಯುತ್ತದೆ. ಅಲ್ಲಿನ ಮಧ್ಯಾಹ್ನದ ಪಾಲು ಸುಮಾರು 11:05ರಿಂದ 1:25. ಎರಡೂ ದಿನ ತಾಗುತ್ತದೆ, ಎರಡೂ ದಿನ ಪೂರ್ತಿ ಇಲ್ಲ. 14ಕ್ಕೆ ಜಾಸ್ತಿ, 15ಕ್ಕೆ ಕಮ್ಮಿ. ಈ ಸಲ ಗೆರೆ ನಿಮ್ಮ ಮಗಳ ಊರಿನ ಮೇಲೆ ಬಿದ್ದಿದೆ.

ಗೋಕರ್ಣ ಪುರೋಹಿತ

ಎರಡೂ ದಿನ ಅರ್ಧರ್ಧ ಆದರೆ ಮೊದಲನೆಯದು. 14ಕ್ಕೇ ಮಾಡಲಿ.

ಕಾಳಿ ದಂಡೆ (ಕಾರವಾರ)

ಹಳೆಯ ಲೆಕ್ಕದ ಪಂಚಾಂಗದಲ್ಲಿ ಎರಡು ಗಂಟೆ ಆಚೆ ಈಚೆ ಆದರೆ?

ಶಿರಸಿ ಮೇಷ್ಟ್ರು

ಆಗ 15 ಆಗಲೂಬಹುದು.

ಹೊನ್ನಾವರದ ಅಕ್ಕ

ಅಯ್ಯೋ ದೇವರೇ. ಎರಡು ದಿನ ರಜೆ ಹಾಕಲು ಹೇಳ್ತೇನೆ.